ನೀಟ್ ಅರ್ಜಿ: ತಿದ್ದಲು ಆಗದ್ದನ್ನು ಮೊದಲು ಸರಿ ಮಾಡಿಕೊಳ್ಳಿ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ. ಜೆರಾಕ್ಸ್, ಪ್ರಿಂಟು, ಆನ್‌ಲೈನ್ ಅರ್ಜಿ. ಫೆಬ್ರವರಿ ಬಂತೆಂದರೆ ನೀಟ್ ಅರ್ಜಿಯವರು ಬರುತ್ತಾರೆ. ಅವರಲ್ಲಿ ಅರ್ಜಿ ತುಂಬಲು ಬರುವವರಿಗಿಂತ, ತಾವೇ ತುಂಬಿ ತಪ್ಪಾಗಿ ಸರಿ ಮಾಡಿಸಲು ಬರುವವರೇ ಜಾಸ್ತಿ. ತಪ್ಪುಗಳೂ ಪ್ರತಿ ವರ್ಷ ಅವೇ. ಹಾಗಾಗಿ ಒಂದು ಸಲ ಕೂತು ಬರೆದುಬಿಡೋಣ ಅಂದುಕೊಂಡೆ.

ಮೊದಲೇ ಒಂದು ಮಾತು. "ತಪ್ಪಾದರೆ ತಿದ್ದುಪಡಿಗೆ ಬಿಡ್ತಾರಲ್ವಾ" ಎಂದು ಹೇಳುವವರು ಬಹಳ ಮಂದಿ. ಬಿಡುತ್ತಾರೆ, ಹೌದು. ಆದರೆ ಎಲ್ಲವನ್ನೂ ತಿದ್ದಲು ಬಿಡುವುದಿಲ್ಲ. 2025ರ ನೀಟ್ ತಿದ್ದುಪಡಿಯಲ್ಲಿ ವಿದ್ಯಾರ್ಥಿಯ ಹೆಸರಿಗೂ ಫೋಟೋಗೂ ಜಾಗವೇ ಇರಲಿಲ್ಲ. ಅದೇ ವರ್ಷದ ಜೆಇಇ ಮೇನ್‌ನಲ್ಲಿ ಮೊಬೈಲ್ ನಂಬರ್, ಇಮೇಲ್, ವಿಳಾಸ, ಫೋಟೋ ಬದಲಿಸುವಂತಿಲ್ಲ ಎಂದು ಸೂಚನೆಯಲ್ಲೇ ಹಾಕಿದ್ದರು. ಹಾಗಾಗಿ ಕೆಳಗಿನ ಹಂತಗಳು ಅರ್ಜಿಯ ಪುಟಗಳ ಕ್ರಮದಲ್ಲಿಲ್ಲ. ಆಮೇಲೆ ತಿದ್ದಲು ಆಗದ್ದು ಮೊದಲು, ತಿದ್ದಲು ಆಗುವಂಥದ್ದು ನಂತರ.

ಶಿರ್ವ ಕಡೆಯ ಒಬ್ಬ ಹುಡುಗಿಯ ಅರ್ಜಿಯನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಹೆಸರು ಬೇಡ, ಮನೆತನದ ಹೆಸರು ಡಿಸೋಜ ಎಂದಷ್ಟು ಸಾಕು. ಯಾಕೆ ಅನ್ನುವುದು ಮೊದಲ ಹಂತದಲ್ಲೇ ಗೊತ್ತಾಗುತ್ತದೆ.

## ಶುರು ಮಾಡುವ ಮೊದಲು ಮೇಜಿನ ಮೇಲೆ ಏನಿರಬೇಕು

ಎಸ್‌ಎಸ್‌ಎಲ್‌ಸಿ ಅಥವಾ ಸಿಬಿಎಸ್‌ಇ ಹತ್ತನೇ ತರಗತಿಯ ಮೂಲ ಅಂಕಪಟ್ಟಿ. ಆಧಾರ್ ಕಾರ್ಡ್. ಮೀಸಲಾತಿ ಇದ್ದರೆ ಅದರ ಪ್ರಮಾಣಪತ್ರ. ಬಿಳಿ ಹಾಳೆ, ಕಪ್ಪು ಪೆನ್ನು, ಇಂಕ್ ಪ್ಯಾಡ್. ಮತ್ತೆ ಈ ವರ್ಷದ ಮಾಹಿತಿ ಪುಸ್ತಿಕೆ. ಇದು neet.nta.nic.in ತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ.

ಪುಸ್ತಿಕೆ ದಪ್ಪ ಇದೆ ಎಂದು ಹೆದರಬೇಡಿ. ಫೋಟೋ-ಸಹಿಯ ಅಳತೆ ಇರುವ ಪುಟ ಮತ್ತು ಪರೀಕ್ಷಾ ನಗರಗಳ ಪಟ್ಟಿ ಇರುವ ಪುಟ, ಎರಡನ್ನು ಪ್ರಿಂಟ್ ತೆಗೆದುಕೊಂಡರೆ ಸಾಕು. ಹೋದ ವರ್ಷ ಅಣ್ಣ ತುಂಬಿದ ಅಳತೆ ಈ ವರ್ಷ ತಮ್ಮನಿಗೆ ಆಗುತ್ತದೆ ಎಂದು ನಂಬಬೇಡಿ. ಕಿಲೋಬೈಟ್ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗಬಹುದು.

## ಹಂತ 1: ಹೆಸರು

ಅರ್ಜಿಯಲ್ಲಿ ಹಾಕಬೇಕಾದ್ದು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇರುವ ಹೆಸರು. ಮನೆಯಲ್ಲಿ ಕರೆಯುವುದಲ್ಲ, ಪಿಯು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇರುವುದೂ ಅಲ್ಲ.

ನಮ್ಮ ಕಡೆ ಇದು ಹೇಳುವಷ್ಟು ಸುಲಭ ಅಲ್ಲ. ಶಿರ್ವದ ಹುಡುಗಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ `D SOUZA` ಎಂದಿತ್ತು, ನಡುವೆ ಜಾಗ ಬಿಟ್ಟು. ಆಧಾರ್‌ನಲ್ಲಿ `DSOUZA`, ಸೇರಿಸಿ. ಕಾಲೇಜಿನ ಗುರುತಿನ ಚೀಟಿಯಲ್ಲಿ `D'Souza`, ಮೇಲೆ ಒಂದು ಚುಕ್ಕಿ. ಮೂರೂ ಅವಳೇ. ಆದರೆ ಹೋಲಿಸಿ ನೋಡುವ ಕಂಪ್ಯೂಟರಿಗೆ ಅವು ಮೂರು ಬೇರೆ ಹೆಸರು.

ಬೇರೆಯವರ ಮನೆಯಲ್ಲಿ ತೊಂದರೆ ಬೇರೆ ರೂಪದಲ್ಲಿ ಇರುತ್ತದೆ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಶೆಟ್ಟಿ ಅಥವಾ ಕೋಟ್ಯಾನ್ ಅಂತ ಪೂರ್ತಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಮೊಹಮ್ಮದ್ ಎಂಬ ಹೆಸರಿಗಂತೂ ಒಂದೇ ಮನೆಯ ಮೂರು ಕಾರ್ಡುಗಳಲ್ಲಿ ಮೂರು ಸ್ಪೆಲ್ಲಿಂಗ್ ನೋಡಿದ್ದೇನೆ.

ಮಾಡಬೇಕಾದ್ದು ಇಷ್ಟು. ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಜಾಗ ಬಿಟ್ಟಿದ್ದನ್ನೂ ಒಂದು ಅಕ್ಷರ ಅಂತಲೇ ಎಣಿಸಿ. ವ್ಯತ್ಯಾಸ ಇದ್ದರೆ, ಅಂಕಪಟ್ಟಿ ಸರಿಯಾಗಿದ್ದರೆ, ಆಧಾರನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಇಡೀ ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸುಮ್ನೆ ಹೋಗಿ "ಹೇಗಾದರೂ ಮಾಡಿಕೊಡಿ" ಅನ್ನಬೇಡಿ. ಯಾವ ಅಕ್ಷರ ಎಲ್ಲಿ ಬರಬೇಕು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬದಲಾವಣೆ ಆಗಿ ಬರಲು ವಾರಗಳೇ ಬೇಕಾಗಬಹುದು. ಹಾಗಾಗಿ ಈ ಕೆಲಸದ ತಿಂಗಳು ದಸರಾ ರಜೆ, ಫೆಬ್ರವರಿ ಅಲ್ಲ.

ಅರ್ಜಿಯ ಹೊತ್ತಿಗೆ ಆಧಾರ್ ಸರಿಯಾಗದಿದ್ದರೆ? ಗಾಬರಿ ಬೇಡ. ಜೆಇಇ ಮೇನ್ 2025ರಲ್ಲಿ ಹೀಗೆ ಹೊಂದದಿದ್ದವರಿಗೆ ಪರದೆ ಮೇಲೆ ಎಚ್ಚರಿಕೆ ಬರುತ್ತಿತ್ತು. ಅದನ್ನು ಮುಚ್ಚಿದ ಮೇಲೆ ಆಧಾರ್‌ನಲ್ಲಿರುವ ಹೆಸರನ್ನೂ ಹತ್ತನೇ ತರಗತಿಯ ಹೆಸರನ್ನೂ ಬೇರೆ ಬೇರೆ ಕೇಳುತ್ತಿತ್ತು. ಇಲ್ಲಿ ಮಕ್ಕಳು ಮಾಡುವ ತಪ್ಪು ಏನೆಂದರೆ, ಎಚ್ಚರಿಕೆ ನೋಡಿ ಹೆದರಿ ಎರಡೂ ಕಡೆ ಆಧಾರ್ ಹೆಸರನ್ನೇ ಹಾಕುವುದು. ಹತ್ತನೇ ತರಗತಿ ಎಂದು ಕೇಳಿದಲ್ಲಿ ಹತ್ತನೇ ತರಗತಿಯದ್ದೇ ಹಾಕಿ.

ರಾಜ್ಯದ ಸೀಟು ಹಂಚುವ ಕೆಇಎ ಕಡೆಗೂ ಇದೇ ಹೆಸರು ಹೋಗಬೇಕು. ಕರ್ನಾಟಕದ ಮೆಡಿಕಲ್ ಸೀಟಿಗೆ ನೀಟ್ ಬರೆದರೆ ಮಾತ್ರ ಸಾಲದು, ಕೆಇಎಯಲ್ಲೂ ನೋಂದಾಯಿಸಿ ಆಮೇಲೆ ನೀಟ್ ರೋಲ್ ನಂಬರ್ ದಾಖಲಿಸಬೇಕು. ಅಲ್ಲೊಂದು ಹೆಸರು ಇಲ್ಲೊಂದು ಹೆಸರು ಇದ್ದರೆ, ಅಂಕ ಬಂದ ಮೇಲೆ ಕಚೇರಿ ಅಲೆಯಬೇಕಾಗುತ್ತದೆ.

## ಹಂತ 2: ಮೊಬೈಲ್ ನಂಬರ್ ಮತ್ತು ಇಮೇಲ್

ಇದು ನನ್ನದೇ ತಪ್ಪಿನ ಕಥೆ. ಅಂಗಡಿ ಶುರು ಮಾಡಿದ ಹೊಸತರಲ್ಲಿ ಒಟಿಪಿ ಬೇಗ ಸಿಗಲಿ ಎಂದು ಕೆಲವು ಅರ್ಜಿಗಳಿಗೆ ನನ್ನ ನಂಬರನ್ನೇ ಕೊಟ್ಟಿದ್ದೆ. ಕೆಲಸ ಸರಸರ ಆಯಿತು. ಆಮೇಲೆ ಪರೀಕ್ಷೆಯ ಸಂದೇಶಗಳೆಲ್ಲ ನನ್ನ ಫೋನಿಗೆ. ಮಗು ಬೈಂದೂರಿನಲ್ಲಿ, ಒಟಿಪಿ ಉಡುಪಿಯಲ್ಲಿ. ಪಾಸ್‌ವರ್ಡ್ ಮರೆತ ಒಬ್ಬ ಹುಡುಗ ಹಾಲ್ ಟಿಕೆಟ್ ಬಂದ ರಾತ್ರಿ 11 ಗಂಟೆಗೆ ನನಗೆ ಫೋನ್ ಮಾಡಿ, ನಾನು ಒಟಿಪಿ ಓದಿ ಹೇಳಿ, ಅಷ್ಟರಲ್ಲಿ ಸಮಯ ಮುಗಿದು, ಮತ್ತೆ ಇನ್ನೊಂದು ಒಟಿಪಿ. ಅವತ್ತಿನಿಂದ ಆ ಅಭ್ಯಾಸ ಬಿಟ್ಟೆ.

ಮನೆಯಲ್ಲೇ ಇರುವ, ಕೌನ್ಸೆಲಿಂಗ್ ಮುಗಿಯುವ ತನಕ ಬದಲಾಗದ ನಂಬರ್ ಕೊಡಿ. ಅಪ್ಪ ಗಲ್ಫ್‌ನಲ್ಲಿದ್ದರೆ ಅಲ್ಲಿನ ನಂಬರ್ ಬೇಡ, ಅಮ್ಮನದು ಕೊಡಿ. ಅರ್ಜಿ ಸಂಖ್ಯೆ, ಪಾಸ್‌ವರ್ಡ್, ಇಮೇಲ್ ಪಾಸ್‌ವರ್ಡ್ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಂಗಡಿಯವರು "ನಮ್ಮತ್ರ ಇರ್ಲಿ" ಅಂದರೆ ಒಪ್ಪಬೇಡಿ, ಅದು ನಾನೇ ಆದರೂ.

## ಹಂತ 3: ಫೋಟೋ

ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಯಾಕೆಂದರೆ ಈ ಒಂದು ಫೋಟೋ ಅರ್ಜಿಯಲ್ಲಿ ಮುಗಿಯುವುದಿಲ್ಲ. ಹಾಲ್ ಟಿಕೆಟ್‌ನಲ್ಲಿ ಅದೇ ಬರುತ್ತದೆ. ಪರೀಕ್ಷೆಯ ದಿನ ಹಾಜರಿ ಹಾಳೆಗೆ ಅಂಟಿಸಲು ಅದೇ ಫೋಟೋದ ಪ್ರತಿ ಬೇಕು. ಆಮೇಲೆ ಪ್ರವೇಶದ ಹೊತ್ತಿಗೂ ಅದೇ.

ತೆಗೆಸುವುದು. ಹಿನ್ನೆಲೆ ಬಿಳಿ. ಮುಖ ಚೌಕಟ್ಟಿನ ಶೇಕಡಾ 80ರಷ್ಟು ತುಂಬಿರಬೇಕು, ಕಿವಿ ಕಾಣಬೇಕು, ಮಾಸ್ಕ್ ಇರಬಾರದು. ಉದ್ದ ಕೂದಲಿದ್ದರೆ ಹಿಂದಕ್ಕೆ ಸರಿಸಿ. ಕನ್ನಡಕ ದಿನಾ ಹಾಕುವವರು ಹಾಕಿಕೊಳ್ಳಿ, ಆದರೆ ಗಾಜಿನಲ್ಲಿ ಬೆಳಕು ಹೊಳೆಯಬಾರದು. ಬಿಳಿ ಅಂಗಿ ಬೇಡ. ಬಿಳಿ ಹಿನ್ನೆಲೆಯಲ್ಲಿ ಹೆಗಲು ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ.

ಶಿರ್ವದ ಹುಡುಗಿ ತಂದದ್ದು ಎರಡು ವರ್ಷದ ಹಿಂದಿನ ಸ್ಕೂಲ್ ಫೋಟೋ, ಹಿನ್ನೆಲೆ ತಿಳಿನೀಲಿ. "ಫೋನಲ್ಲಿ ಹಿಂದಿನದ್ದು ತೆಗೆದು ಬಿಳಿ ಮಾಡ್ಲಿಕ್ಕೆ ಆಗ್ತದಲ್ಲ ಮಾರಾಯ್ರೆ" ಎಂದರು ಅವಳ ಅಮ್ಮ. ಆಗುತ್ತದೆ. ಆದರೆ ಹಾಗೆ ಮಾಡಿದಾಗ ಕಿವಿಯ ಅಂಚು, ಕೂದಲಿನ ಎಳೆ ಎಲ್ಲ ಕತ್ತರಿಸಿ ಹೋಗುತ್ತದೆ. ದೊಡ್ಡದು ಮಾಡಿ ನೋಡಿದರೆ ತಲೆ ಸುತ್ತ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ. ಮೇಲಾಗಿ ಎರಡು ವರ್ಷದಲ್ಲಿ ಅವಳ ಮುಖವೇ ಬದಲಾಗಿತ್ತು. ಹೊಸತು ತೆಗೆಸಿದೆವು.

ಫೈಲ್ ತರುವುದು. ಸ್ಟುಡಿಯೋದವರಿಂದ ಪ್ರಿಂಟ್ ಮಾತ್ರ ಅಲ್ಲ, ಫೈಲ್ ಕೂಡ ಕೇಳಿ. ಪ್ರಿಂಟನ್ನು ಮತ್ತೆ ಮೊಬೈಲ್‌ನಲ್ಲಿ ಫೋಟೋ ಹೊಡೆದು ಹಾಕಿದರೆ ಓರೆಯಾಗುತ್ತದೆ, ಮೇಲೆ ಟ್ಯೂಬ್‌ಲೈಟಿನ ಹೊಳಪು ಬೀಳುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ. ಅದನ್ನು ನಾವು ಮತ್ತೊಮ್ಮೆ ಕುಗ್ಗಿಸಿದಾಗ ಮುಖ ಮಸುಕು.

ಕತ್ತರಿಸಿ, ಆಮೇಲೆ ಕುಗ್ಗಿಸುವುದು. ಈ ಕ್ರಮ ತಪ್ಪಬಾರದು. ಹಲವರು ಮೊದಲು ಇಡೀ ಫೋಟೋವನ್ನು 200 ಕೆಬಿ ಒಳಗೆ ತಂದು, ಆಮೇಲೆ ಅದರಲ್ಲಿ ಮುಖ ಮಾತ್ರ ಕತ್ತರಿಸುತ್ತಾರೆ. ಆಗ ಆ ಇನ್ನೂರರಲ್ಲಿ ಮುಖಕ್ಕೆ ಸಿಗುವುದು ಸ್ವಲ್ಪವೇ. ಉಳಿದದ್ದು ಗೋಡೆಯ ಪಾಲು. ಮೊದಲು ಪಾಸ್‌ಪೋರ್ಟ್ ಆಕಾರಕ್ಕೆ ಕತ್ತರಿಸಿ. ಅಂದರೆ ಅಗಲ 3.5 ಆದರೆ ಎತ್ತರ 4.5ರ ಲೆಕ್ಕ. ಆಮೇಲೆ ಗಾತ್ರ ಇಳಿಸಿ.

ಇತ್ತೀಚಿನ ನೀಟ್‌ಗಳಲ್ಲಿ ಫೋಟೋಗೆ ಮಿತಿ 10ರಿಂದ 200 ಕೆಬಿ. ಎಲ್ಲರೂ ಮೇಲಿನ ಮಿತಿಗೆ ಹೆದರುತ್ತಾರೆ, ಕೆಳಗಿನದ್ದನ್ನು ಮರೆಯುತ್ತಾರೆ. ಉಚಿತ ತಾಣಗಳಲ್ಲಿ ಕುಗ್ಗಿಸಿದರೆ 8 ಕೆಬಿಗೆ ಇಳಿದು, ತುಂಬಾ ಚಿಕ್ಕದು ಎಂದು ತಿರಸ್ಕಾರವಾಗುವುದುಂಟು. ನಾನು 100ರಿಂದ 150ರ ನಡುವೆ ನಿಲ್ಲಿಸುತ್ತೇನೆ. ಕಂಪ್ಯೂಟರಿನಲ್ಲಿ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ `Properties` ತೆರೆದರೆ `Size` ಮತ್ತು `Size on disk` ಎಂದು ಎರಡು ಅಂಕಿ ಕಾಣುತ್ತದೆ. ನೋಡಬೇಕಾದ್ದು ಮೊದಲನೆಯದ್ದು.

ಫೈಲಿನ ಬಗೆ. ಬೇಕಾದ್ದು ಜೆಪಿಜಿ. ಐಫೋನಿನಲ್ಲಿ ತೆಗೆದದ್ದು ಬೇರೆ ಬಗೆಯಲ್ಲಿ ಉಳಿಯುತ್ತದೆ, ಕೊನೆಯಲ್ಲಿ `.heic` ಎಂದಿರುತ್ತದೆ. ಹೆಸರು ಬದಲಿಸಿ `.jpg` ಎಂದು ಬರೆದರೆ ಅದು ಜೆಪಿಜಿ ಆಗುವುದಿಲ್ಲ. ಹೆಸರು ಮಾತ್ರ ಬದಲಾಗುತ್ತದೆ, ಒಳಗಿರುವುದು ಹಾಗೇ ಇರುತ್ತದೆ. ಪೈಂಟ್‌ನಂಥ ಯಾವುದಾದರೂ ಪ್ರೋಗ್ರಾಮಿನಲ್ಲಿ ತೆರೆದು ಜೆಪಿಜಿ ಆಗಿ ಹೊಸದಾಗಿ ಸೇವ್ ಮಾಡಬೇಕು. ತಾಣ "ಫೈಲ್ ಸರಿಯಿಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದು ಗಾತ್ರ ಸರಿಯಿದ್ದರೆ, ಕಾರಣ ಸಾಮಾನ್ಯವಾಗಿ ಇದೇ.

ಪ್ರಿಂಟ್. ಅಪ್‌ಲೋಡ್ ಮಾಡಿದ ದಿನವೇ ಅದೇ ಫೈಲಿನ ಮೂಲದಿಂದ ಎಂಟು ಪಾಸ್‌ಪೋರ್ಟ್ ಫೋಟೋ, ಎರಡು ಪೋಸ್ಟ್‌ಕಾರ್ಡ್ ಗಾತ್ರದ್ದು ತೆಗೆಸಿಟ್ಟುಕೊಳ್ಳಿ. ಪೋಸ್ಟ್‌ಕಾರ್ಡ್ ಅಂದರೆ 4 ಇಂಚು ಅಗಲ, 6 ಇಂಚು ಎತ್ತರ. ಮೇ ತಿಂಗಳಲ್ಲಿ "ಆ ಫೋಟೋ ಎಲ್ಲಿ ಹೋಯ್ತೋ, ಬೇರೆ ತೆಗೆಸಿದ್ರೆ ಆಗ್ತದಾ" ಎಂದು ಕೇಳುವವರು ಪ್ರತಿ ವರ್ಷ ನಾಲ್ಕೈದು ಮಂದಿ ಇರುತ್ತಾರೆ. ಅಪ್‌ಲೋಡ್ ಮಾಡಿದ್ದೇ ಬೇಕು ಎಂದು ಪುಸ್ತಿಕೆ ಹೇಳುತ್ತದೆ.

## ಹಂತ 4: ಸಹಿ ಮತ್ತು ಬೆರಳಚ್ಚು

ಹದಿನೇಳು ವರ್ಷದ ಮಕ್ಕಳಲ್ಲಿ ಹೆಚ್ಚಿನವರಿಗೆ ಸಹಿ ಅಂತ ಒಂದು ಇರುವುದಿಲ್ಲ. ಅಂಗಡಿಯಲ್ಲಿ ನಿಂತು ಆಗ ಒಂದು ಹುಟ್ಟಿಸುತ್ತಾರೆ, ಆಮೇಲೆ ಮರೆಯುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರ ಎದುರು ಮತ್ತೆ ಅದೇ ಸಹಿ ಹಾಕಬೇಕು. ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಹತ್ತು ಸಲ ಬರೆಯಿರಿ. ಹತ್ತೂ ಒಂದೇ ಥರ ಬಂದರೆ ಅದು ನಿಮ್ಮ ಸಹಿ. ಆ ಹಾಳೆಯನ್ನು ಬಿಸಾಡಬೇಡಿ.

ಬಿಳಿ ಹಾಳೆ, ಕಪ್ಪು ಇಂಕು, ಕೂಡಿಸಿ ಬರೆದ ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹೆಸರು ಬರೆದರೆ ಸಹಿ ಎಂದು ಒಪ್ಪುವುದಿಲ್ಲ. ಗೆರೆ ಹಾಳೆ ಬೇಡ. ಫೋನಿನಲ್ಲಿ ಸ್ಕ್ಯಾನ್ ಮಾಡುವಾಗ ನಿಮ್ಮ ಕೈಯ ನೆರಳೇ ಹಾಳೆ ಮೇಲೆ ಬೀಳುತ್ತದೆ, ಕಿಟಕಿಗೆ ಎದುರಾಗಿ ನಿಲ್ಲಿ. ಸಹಿಯ ಸುತ್ತ ಚೂರೇ ಬಿಳಿ ಬಿಟ್ಟು ಕತ್ತರಿಸಿ. ಎ4 ಹಾಳೆ ಪೂರ್ತಿ ಸ್ಕ್ಯಾನ್ ಮಾಡಿ ಹಾಕಿದರೆ ಹಾಲ್ ಟಿಕೆಟ್‌ನ ಪುಟ್ಟ ಚೌಕದಲ್ಲಿ ಸಹಿ ಇರುವೆ ಸಾಲಿನ ಹಾಗೆ ಕಾಣುತ್ತದೆ.

ಒಂದು ಎಚ್ಚರಿಕೆ. ಮಗು ಹಾಸ್ಟೆಲಿನಲ್ಲಿದೆ ಎಂದು ಅಪ್ಪನೋ ಅಕ್ಕನೋ ಸಹಿ ಹಾಕುವುದನ್ನು ನೋಡಿದ್ದೇನೆ. ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಓದುವ ಮಕ್ಕಳ ಮನೆಯವರಲ್ಲಿ ಇದು ಜಾಸ್ತಿ. ಬೇಡ. ಭಾನುವಾರ ಒಂದು ಹಾಳೆ ತೆಗೆದುಕೊಂಡು ಹೋಗಿ ಸಹಿ ಹಾಕಿಸಿಕೊಂಡು ಬನ್ನಿ.

ಬೆರಳಚ್ಚಿಗೂ ಅದೇ ಹಾಳೆ ಒಯ್ಯಿರಿ. ಎರಡೂ ಕೈಗಳ ಬೆರಳು ಮತ್ತು ಹೆಬ್ಬೆರಳ ಗುರುತು ಒಂದೇ ಚಿತ್ರದಲ್ಲಿ ಬರಬೇಕು. ಇಂಕು ಜಾಸ್ತಿ ಮಾಡಿದರೆ ಗೆರೆ ಕಾಣದೆ ಬರೀ ಮಸಿ ಕಲೆ ಆಗುತ್ತದೆ. ಬೆರಳನ್ನು ಪ್ಯಾಡಿಗೆ ಮುಟ್ಟಿಸಿ, ಮೊದಲು ರದ್ದಿ ಕಾಗದಕ್ಕೆ ಒಮ್ಮೆ ಒತ್ತಿ, ಆಮೇಲೆ ಹಾಳೆಗೆ ಒತ್ತಿ. ಎರಡನೇ ಒತ್ತು ಯಾವಾಗಲೂ ಚೆನ್ನಾಗಿ ಬರುತ್ತದೆ.

## ಹಂತ 5: ಪರೀಕ್ಷೆಯ ಊರು

ನೀವು ಆಯ್ಕೆ ಮಾಡುವುದು ಊರು, ಕೇಂದ್ರ ಅಲ್ಲ. ಯಾವ ಕಾಲೇಜು ಎನ್ನುವುದನ್ನು ಅವರೇ ಕೊಡುತ್ತಾರೆ. 2025ರಲ್ಲಿ ನೀಟ್‌ಗೆ ಮೂರು ಊರು ಆಯ್ಕೆ ಮಾಡಬೇಕಿತ್ತು, ಕಾಯಂ ವಿಳಾಸ ಅಥವಾ ಈಗಿನ ವಿಳಾಸದ ರಾಜ್ಯದ ಪಟ್ಟಿಯಿಂದ.

ಇದರಲ್ಲಿ ಸಿಕ್ಕಿಬೀಳುವವರು ಕಾಸರಗೋಡಿನ ಮಕ್ಕಳು. ಮನೆ ಮಂಜೇಶ್ವರದಲ್ಲಿ, ಓದುವುದು ಮಂಗಳೂರಿನಲ್ಲಿ. ಎರಡೂ ವಿಳಾಸಕ್ಕೆ ಮನೆಯದ್ದನ್ನೇ ಕೊಟ್ಟರೆ ಪಟ್ಟಿಯಲ್ಲಿ ಕೇರಳದ ಊರುಗಳಷ್ಟೇ ಬರುತ್ತವೆ. ಮಂಗಳೂರು ಹತ್ತಿರ ಇದ್ದರೂ ಕಾಣುವುದಿಲ್ಲ. ತಾಣ ಕೆಟ್ಟಿದೆ ಎಂದುಕೊಂಡು ನನ್ನ ಹತ್ತಿರ ಬರುತ್ತಾರೆ. ಹಾಸ್ಟೆಲ್ ಅಥವಾ ಮಂಗಳೂರಿನ ಬಾಡಿಗೆ ಮನೆಯಲ್ಲಿ ನಿಜಕ್ಕೂ ಇರುವವರು ಈಗಿನ ವಿಳಾಸಕ್ಕೆ ಅದನ್ನೇ ಕೊಟ್ಟರೆ ಕರ್ನಾಟಕದ ಊರುಗಳೂ ತೆರೆಯುತ್ತವೆ.

ಮೊದಲೆರಡು ಆಯ್ಕೆ ಯಾರೂ ತಪ್ಪುವುದಿಲ್ಲ, ಉಡುಪಿ, ಮಂಗಳೂರು. ಮೂರನೆಯದ್ದನ್ನು ಮಾತ್ರ ಅದು ಎಂತ ಬರ್ತದೆ ಎಂದು ಕಣ್ಣುಮುಚ್ಚಿ ಒತ್ತುತ್ತಾರೆ. ಅದೇ ಬಂದರೂ ಬರಬಹುದು ಎಂದು ಲೆಕ್ಕ ಹಾಕಿ ಒತ್ತಿ. ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ. ನಮ್ಮಲ್ಲಿ ಮೇ ಭಾನುವಾರ ಅಂದರೆ ಮದುವೆ. ಬಸ್ಸುಗಳು ದಿಬ್ಬಣಕ್ಕೆ ಹೋಗಿರುತ್ತವೆ, ಹೆದ್ದಾರಿಯಲ್ಲಿ ಹಾಲ್‌ಗಳ ಎದುರು ಕಾರುಗಳ ಸಾಲು. ದಿನಾ ಒಂದೂವರೆ ಗಂಟೆಯ ಉಡುಪಿ-ಮಂಗಳೂರು ದಾರಿಗೆ ಅವತ್ತು ಎರಡೂವರೆ ಇಟ್ಟುಕೊಳ್ಳಿ. ಶಿರ್ವದವರು ಮೂರನೆಯದಾಗಿ ಬೆಂಗಳೂರು ಎಂದಿದ್ದರು, ಅಲ್ಲಿ ಚಿಕ್ಕಮ್ಮ ಇದ್ದಾರೆ ಎಂದು. ಹಿಂದಿನ ರಾತ್ರಿಯೇ ಅವರ ಮನೆಗೆ ಹೋಗಿ ಮಲಗುವುದಾದರೆ ಅದು ಸರಿಯಾದ ಆಯ್ಕೆಯೇ. ಮಲಗಲು ಮನೆ ಇಲ್ಲದ ಊರಿಗಿಂತ ದೂರದ ಚಿಕ್ಕಮ್ಮ ಮೇಲು. ಶಿವಮೊಗ್ಗ ಹತ್ತಿರ ಎಂದು ಬೆಳಿಗ್ಗೆ ಎದ್ದು ಘಾಟಿ ಹತ್ತುವ ಲೆಕ್ಕ ಬೇಡ.

## ಹಂತ 6: ಹಣ ಕಟ್ಟುವ ಮೊದಲು

ಕೊನೆಯ ದಿನ ಕಟ್ಟಬೇಡಿ, ಅಷ್ಟೇ. ಅರ್ಜಿಯ ಕರಡನ್ನು ಪ್ರಿಂಟ್ ತೆಗೆದು, ತುಂಬಿದವರಲ್ಲದೆ ಬೇರೆಯವರು ಗಟ್ಟಿಯಾಗಿ ಓದಲಿ, ಮಗು ಅಂಕಪಟ್ಟಿ ಹಿಡಿದು ನೋಡಲಿ. ಹುಟ್ಟಿದ ದಿನಾಂಕ, ಲಿಂಗ, ವರ್ಗ, ಪರೀಕ್ಷೆಯ ಭಾಷೆ, ಅಪ್ಪ ಅಮ್ಮನ ಹೆಸರು.

ವರ್ಗದ ವಿಷಯದಲ್ಲಿ ಒಂದು ಗೊಂದಲ ತೀರದು. ರಾಜ್ಯದ 2ಎ, 3ಬಿ ಬೇರೆ, ಕೇಂದ್ರದ ಒಬಿಸಿ ಬೇರೆ. ರಾಜ್ಯದಲ್ಲಿ ಹಿಂದುಳಿದ ವರ್ಗ ಎಂದ ಮಾತ್ರಕ್ಕೆ ನೀಟ್ ಅರ್ಜಿಯಲ್ಲಿ ಒಬಿಸಿ ಒತ್ತುವಂತಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲಿ ಪ್ರಮಾಣಪತ್ರ ಇರಬೇಕು. 2ಎ, 3ಬಿ ಬೇಕಾಗುವುದು ಕೆಇಎ ಅರ್ಜಿಗೆ.

ಹಣ ಕಟ್ಟಿದ ಮೇಲೆ ದೃಢೀಕರಣ ಪುಟ ಬರಬೇಕು. ಬ್ಯಾಂಕಿನಿಂದ ಹಣ ಹೋಗಿ ಪುಟ ಬರದಿದ್ದರೆ ಅರ್ಜಿ ಪೂರ್ತಿ ಆಗಿಲ್ಲ ಎಂದೇ ತಿಳಿಯಿರಿ. ಆದರೆ ಅದಕ್ಕಾಗಿ ಹೊಸ ಅರ್ಜಿ ಶುರು ಮಾಡಬೇಡಿ, ಹಳೆಯದರಲ್ಲೇ ಲಾಗಿನ್ ಆಗಿ ನೋಡಿ. ಒಬ್ಬರಿಗೆ ಒಂದೇ ಅರ್ಜಿ. ಎರಡು ಹಾಕಿದರೆ ಕಷ್ಟ.

## ಹಂತ 7: ತಿದ್ದುಪಡಿ

2025ರ ನೀಟ್ ಲೆಕ್ಕ ನೋಡಿ. ಅರ್ಜಿ ಫೆಬ್ರವರಿ 7ರಿಂದ ಮಾರ್ಚ್ 7ರ ತನಕ, ಒಂದು ತಿಂಗಳು. ತಿದ್ದುಪಡಿ ಮಾರ್ಚ್ 9ರಿಂದ 11ರ ತನಕ, ಮೂರು ದಿನ. ದ್ವಿತೀಯ ಪಿಯು ಪರೀಕ್ಷೆಯ ಮಧ್ಯೆ. ಮಕ್ಕಳಿಗೆ ನೆನಪಿರುವುದಿಲ್ಲ, ಮನೆಯ ದೊಡ್ಡವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು.

ಆ ಮೂರು ದಿನದಲ್ಲಿ ಬದಲಿಸಲು ಬಿಟ್ಟದ್ದು ಇಷ್ಟು: ಹತ್ತು ಮತ್ತು ಹನ್ನೆರಡನೇ ತರಗತಿಯ ವಿವರ, ಅರ್ಹತೆಯ ರಾಜ್ಯ, ವರ್ಗ ಮತ್ತು ಉಪವರ್ಗ, ಸಹಿ, ಎಷ್ಟನೇ ಸಲ ನೀಟ್ ಬರೆಯುತ್ತಿದ್ದೀರಿ ಎಂಬುದು, ಪರೀಕ್ಷೆಯ ಊರು, ಭಾಷೆ. ಇನ್ನು ಅಪ್ಪನ ವಿವರ ಅಥವಾ ಅಮ್ಮನ ವಿವರ. ಆ "ಅಥವಾ" ಮೇಲೆ ಬೆರಳಿಡಿ. ಎರಡರಲ್ಲಿ ಒಂದು ಮಾತ್ರ.

ಶಿರ್ವದ ಹುಡುಗಿಗೆ ಬೇಕಿದ್ದುದು ಎರಡೂ. ಹೆಸರು, ಫೋಟೋ ನಾವು ಕೂತು ಸರಿ ಮಾಡಿದ್ದೆವು. ಆದರೆ ಅಪ್ಪ ಅಮ್ಮನ ಹೆಸರನ್ನು ಅವಳು ರಾತ್ರಿ ಮನೆಯಲ್ಲಿ ತಾನೇ ಹಾಕಿದ್ದಳು. ಅಪ್ಪನ ಹೆಸರಿನಲ್ಲಿ `D SOUZA` ಬದಲು `DSOUZA`. ಅಮ್ಮನ ಹೆಸರಿನಲ್ಲಿ ಮದುವೆಗೆ ಮುಂಚಿನ ಮನೆತನದ ಹೆಸರು, ಅಂಕಪಟ್ಟಿಯಲ್ಲಿ ಅದು ಇರಲೇ ಇಲ್ಲ. ಯಾವುದನ್ನು ತಿದ್ದುವುದು? ಒಂದು ಬರೀ ಜಾಗದ ತಪ್ಪು, ಇನ್ನೊಂದು ಬೇರೆ ಹೆಸರೇ. ಅಮ್ಮನದ್ದನ್ನು ತಿದ್ದಿದೆವು. ಅಪ್ಪನ ಜಾಗದ ತಪ್ಪು ಹಾಗೇ ಉಳಿಯಿತು. ಮುಂದೆ ಕೇಳಿದರೆ ತೋರಿಸಲು ಅಪ್ಪನ ಆಧಾರ್ ಮತ್ತು ಅಂಕಪಟ್ಟಿಯ ಪ್ರತಿಯನ್ನು ಒಟ್ಟಿಗೆ ಪಿನ್ ಹೊಡೆದು ಇಟ್ಟುಕೊಳ್ಳಲು ಹೇಳಿದೆ.

ತಿದ್ದುಪಡಿ ಒಂದೇ ಸಲ. ಹಾಗಾಗಿ ಒಳಗೆ ಹೋಗುವ ಮೊದಲೇ ಏನೇನು ಬದಲಿಸಬೇಕು ಎಂದು ಕಾಗದದಲ್ಲಿ ಪಟ್ಟಿ ಮಾಡಿ. ಒಂದನ್ನು ಬದಲಿಸಿ ಸಲ್ಲಿಸಿ, ಹೊರಗೆ ಬಂದು ಇನ್ನೊಂದು ನೆನಪಾದರೆ ಆಗದು. ವರ್ಗ ಬದಲಾದಾಗ ಶುಲ್ಕವೂ ಬದಲಾಗಬಹುದು. 2025ರಲ್ಲಿ ಸಾಮಾನ್ಯ ವರ್ಗಕ್ಕೆ 1700, ಒಬಿಸಿಗೆ 1600 ರೂಪಾಯಿ ಇತ್ತು. ಒಬಿಸಿಯಿಂದ ಸಾಮಾನ್ಯಕ್ಕೆ ಬಂದವರು ಆ 100 ರೂಪಾಯಿ ಕಟ್ಟಿದರೆ ಮಾತ್ರ ಬದಲಾವಣೆ ಉಳಿಯುತ್ತದೆ. ಉಲ್ಟಾ ಆದರೆ ಹೆಚ್ಚಿಗೆ ಕಟ್ಟಿದ್ದು ವಾಪಸ್ ಬರುವುದಿಲ್ಲ. ತಿದ್ದಿದ ಮೇಲೆ ದೃಢೀಕರಣ ಪುಟವನ್ನು ಹೊಸದಾಗಿ ಡೌನ್‌ಲೋಡ್ ಮಾಡಿ. ಹಳೆಯದನ್ನು ಹರಿದು ಬಿಸಾಡಿ, ಇಲ್ಲದಿದ್ದರೆ ಎರಡೂ ಒಂದೇ ಫೈಲಿನಲ್ಲಿ ಕೂತು ಆಮೇಲೆ ತಲೆ ತಿನ್ನುತ್ತವೆ.

## ಹಂತ 8: ಹಾಲ್ ಟಿಕೆಟ್

ಮೊದಲು ಬರುವುದು ಪರೀಕ್ಷೆಯ ಊರು ತಿಳಿಸುವ ಚೀಟಿ. ಇದು ಹಾಲ್ ಟಿಕೆಟ್ ಅಲ್ಲ. ಇದನ್ನೇ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಲು ಬಂದವರಿದ್ದಾರೆ! ಅದು ಬಂದಾಗ ಮಾಡಬೇಕಾದ್ದು ಬಸ್ಸಿನದ್ದೋ ಕಾರಿನದ್ದೋ ವ್ಯವಸ್ಥೆ ಮಾತ್ರ.

ಹಾಲ್ ಟಿಕೆಟ್ ಬರುವುದು ಪರೀಕ್ಷೆಗೆ ಕೆಲವೇ ದಿನ ಇರುವಾಗ. ಬಂದ ದಿನವೇ ತೆಗೆಯಿರಿ. ದೃಢೀಕರಣ ಪುಟವನ್ನು ಪಕ್ಕದಲ್ಲಿಟ್ಟು ಹೆಸರು, ಹುಟ್ಟಿದ ದಿನಾಂಕ, ಫೋಟೋ, ಸಹಿ, ಭಾಷೆ ನೋಡಿ. ಫೋಟೋ ಮಸುಕಾಗಿದ್ದರೆ ಮೊದಲು ಬೇರೆ ಪ್ರಿಂಟರಿನಲ್ಲಿ ತೆಗೆದು ನೋಡಿ. ಅರ್ಧ ಸಲ ತಪ್ಪು ಅಂಗಡಿಯ ಟೋನರಿನದ್ದು. ಪರದೆಯಲ್ಲಿ ಪಿಡಿಎಫ್ ದೊಡ್ಡದು ಮಾಡಿದಾಗಲೂ ಮಸುಕಿದ್ದರೆ ಅದು ಅರ್ಜಿಯದ್ದೇ ದೋಷ.

ನಿಜವಾಗಿ ತಪ್ಪಿದ್ದರೆ ನೀಟ್ ನಡೆಸುವ ಎನ್‌ಟಿಎಯ ಸಹಾಯವಾಣಿ 011-40759000ಕ್ಕೆ ಫೋನ್ ಮಾಡಿ, ಪುಸ್ತಿಕೆಯಲ್ಲಿರುವ ಇಮೇಲಿಗೂ ಬರೆಯಿರಿ. ಇಮೇಲಿನಲ್ಲಿ ಅರ್ಜಿ ಸಂಖ್ಯೆ, ತಪ್ಪಿರುವುದು ಯಾವುದು, ಸರಿ ಯಾವುದು ಎಂದು ಮೂರು ಸಾಲು, ಜೊತೆಗೆ ಅಂಕಪಟ್ಟಿ ಮತ್ತು ದೃಢೀಕರಣ ಪುಟ ಸಾಕು. ಕಥೆ ಬೇಡ. ಉತ್ತರ ಬರಲಿಲ್ಲ ಎಂದು ಪರೀಕ್ಷೆ ಬಿಡಬೇಡಿ. ಇಂಥ ವ್ಯತ್ಯಾಸ ಇದ್ದವರು ಈಗಾಗಲೇ ತೆಗೆದುಕೊಂಡ ಹಾಲ್ ಟಿಕೆಟ್‌ನಲ್ಲೇ ಬರೆಯಬೇಕು, ದಾಖಲೆಯನ್ನು ಆಮೇಲೆ ಸರಿಪಡಿಸುತ್ತೇವೆ ಎಂದು ಎನ್‌ಟಿಎ ಪುಸ್ತಿಕೆಯಲ್ಲೇ ಇದೆ. ಹಾಲ್ ಟಿಕೆಟ್ ಮೇಲೆ ನೀವೇ ಪೆನ್ನಿನಲ್ಲಿ ತಿದ್ದುವುದು ಮಾತ್ರ ಬೇಡವೇ ಬೇಡ.

ಪಾಸ್‌ಪೋರ್ಟ್ ಫೋಟೋ, ಪೋಸ್ಟ್‌ಕಾರ್ಡ್ ಫೋಟೋ ಮನೆಯಲ್ಲೇ ಅಂಟಿಸಿ. ಮೇಲ್ವಿಚಾರಕರ ಎದುರು ಎಂದು ಬರೆದಿರುವ ಸಹಿಯ ಜಾಗ ಖಾಲಿ ಇರಲಿ. ಉತ್ಸಾಹಕ್ಕೆ ಮನೆಯಲ್ಲೇ ಸಹಿ ಹಾಕಿಬಿಟ್ಟರೆ ಇನ್ನೊಂದು ಪ್ರತಿ ತೆಗೆದು ಎಲ್ಲ ಮತ್ತೆ ಅಂಟಿಸಬೇಕು. ಅದಕ್ಕೇ ಯಾವಾಗಲೂ ಎರಡು ಪ್ರತಿ ತೆಗೆಯಿರಿ.

2025ರಲ್ಲಿ ಪರೀಕ್ಷೆ ಮಧ್ಯಾಹ್ನ 2ರಿಂದ 5, ಗೇಟು ಮುಚ್ಚಿದ್ದು 1.30ಕ್ಕೆ. ಹಿಜಾಬಿನಂಥ ಸಾಂಪ್ರದಾಯಿಕ ಉಡುಪು ಹಾಕುವವರು ತಪಾಸಣೆಗೆಂದು 12.30ರ ಒಳಗೆ ತಲುಪಬೇಕಿತ್ತು. ಗುರುತಿಗೆ ಆಧಾರ್ ಒಯ್ಯುವುದಾದರೆ ಮೂಲವೇ ಬೇಕು, ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಆಗದು. ಮೊಬೈಲನ್ನೇ ಒಳಗೆ ಬಿಡುವುದಿಲ್ಲ ಬಿಡಿ.

ಶಿರ್ವದ ಹುಡುಗಿಗೆ ಸಿಕ್ಕಿದ್ದು ಮೊದಲ ಆಯ್ಕೆಯ ಊರೇ. ಹಿಂದಿನ ದಿನ ಶನಿವಾರ ಅವಳ ಅಪ್ಪ ಅಂಗಡಿಗೆ ಬಂದರು. ಪೋಸ್ಟ್‌ಕಾರ್ಡ್ ಫೋಟೋದಲ್ಲಿ ಒಂದಕ್ಕೆ ಗೋಂದು ಚೆಲ್ಲಿ ಹಾಳಾಗಿತ್ತು. ಫೈಲ್ ನನ್ನ ಕಂಪ್ಯೂಟರಿನಲ್ಲಿ ಇದೆಯಾ ಎಂದು ಕೇಳಿದರು. ಇರಲಿಲ್ಲ, ನಾನು ಯಾರ ಫೋಟೋವನ್ನೂ ಇಟ್ಟುಕೊಳ್ಳುವುದಿಲ್ಲ. "ಎರಡು ತೆಗೆಸಿದ್ದೆವಲ್ಲ, ಇನ್ನೊಂದು?" ಎಂದೆ. ಅವರು ಒಂದು ಕ್ಷಣ ನಿಂತು, ಫೋನ್ ತೆಗೆದು ಮನೆಗೆ ಮಾಡಿದರು. ಇನ್ನೊಂದು ಅಂಕಪಟ್ಟಿಯ ಕವರಿನಲ್ಲೇ ಇತ್ತು.